ಕ್ಲೈಂಟ್ ಮಧ್ಯದಲ್ಲಿ ಹೊಸ ಕೆಲಸ ಸೇರಿಸಿದರೆ ದುಡ್ಡು, ಟೈಮ್ ಜಾಸ್ತಿ ಬೇಕು ಅಂತ ಹೇಗೆ ಹೇಳೋದು?

"ವೆಬ್‌ಸೈಟ್ ಅರ್ಧ ಮುಗಿದಿದೆ, ಈಗ ಕ್ಲೈಂಟ್ ಇನ್ನೊಂದು ಫೀಚರ್ ಕೇಳ್ತಿದ್ದಾರೆ. ಎಕ್ಸ್‌ಟ್ರಾ ಆಗುತ್ತೆ ಅಂತ ಹೇಳೋಕೆ ಮುಜುಗರ. ಹೇಗೆ ಹೇಳೋದು?"

ನಾನು ಮಂಗಳೂರಿನಲ್ಲಿ ಒಬ್ಬನೇ ಕೂತು ವೆಬ್‌ಸೈಟ್ ಮಾಡಿಕೊಡುವವನು. ಕಳೆದ ವರ್ಷ ಮಲ್ಪೆಯ ಹೋಮ್‌ಸ್ಟೇ ಒಂದರ ಕೆಲಸದಲ್ಲಿ ಇದೇ ಆಯಿತು. ಒಪ್ಪಿಕೊಂಡಿದ್ದು 48,000 ರೂಪಾಯಿ, ನವೆಂಬರ್ 15ಕ್ಕೆ ಕೊಡುವುದು, ರೂಮ್ ಬೇಕಾದವರು ಒಂದು ಫಾರಂ ತುಂಬಿದರೆ ಮಾಲೀಕರಿಗೆ ಮೆಸೇಜ್ ಹೋಗಬೇಕು, ಅಷ್ಟೇ. ನವೆಂಬರ್ ಶುರುವಿನಲ್ಲಿ ಅವರ ಫೋನ್ ಬಂತು: "ಡಿಸೆಂಬರ್ ಸೀಸನ್ ಬಂತಲ್ಲ ಮಾರಾಯ್ರೆ, ಅದರಲ್ಲೇ ದುಡ್ಡು ಕಟ್ಟಿ ಬುಕ್ ಮಾಡುವ ಹಾಗೆ ಒಂದು ಬಟನ್ ಹಾಕಿ ಕೊಡಿ."

ಫೋನಿನಲ್ಲೇ "ಆಯ್ತು" ಅನ್ನಬೇಡಿ, "ಆಗಲ್ಲ" ಅಂತಲೂ ಅನ್ನಬೇಡಿ. "ಮಾಡಬಹುದು, ಏನೇನು ಬೇಕು ಅಂತ ನೋಡಿ ನಾಳೆ ಬರೆದು ಕಳಿಸ್ತೇನೆ" ಅಂದೆ ನಾನು. ಅವರಿಗೆ ಅದು ನಿಜವಾಗಿಯೂ ಒಂದು ಬಟನ್, ಅವರು ನಮಗೆ ಮೋಸ ಮಾಡ್ತಿಲ್ಲ. ಆದರೆ ಆ ಬಟನ್ ಹಿಂದೆ ರೂಮ್ ಖಾಲಿ ಇದೆಯಾ ಅಂತ ತೋರಿಸುವ ಕ್ಯಾಲೆಂಡರ್ ಬೇಕು. ಒಂದೇ ರೂಮನ್ನು ಇಬ್ಬರು ಒಂದೇ ನಿಮಿಷದಲ್ಲಿ ಬುಕ್ ಮಾಡಿದರೆ ಒಬ್ಬರನ್ನು ತಡೆಯಬೇಕು. ದುಡ್ಡು ಕಟ್ ಆಗಿ ಬುಕಿಂಗ್ ಆಗದಿದ್ದರೆ ಅದನ್ನೂ ಹಿಡಿಯಬೇಕು. ಲೆಕ್ಕ ಹಾಕಿದೆ: ಕ್ಯಾಲೆಂಡರ್ 4 ದಿನ, ಪೇಮೆಂಟ್ 3, ಕ್ಯಾನ್ಸಲ್ ಮಾಡಿದರೆ ತಾನಾಗಿ ರೀಫಂಡ್ 2, ಟೆಸ್ಟಿಂಗ್ 1. ಒಟ್ಟು 10 ದಿನ, ದಿನಕ್ಕೆ 2,000. ಟೆಸ್ಟಿಂಗ್ ದಿನವನ್ನು ಬಿಟ್ಟುಬಿಡುವವರೇ ಜಾಸ್ತಿ, ಆಮೇಲೆ ಅದು ನಮ್ಮ ಭಾನುವಾರವನ್ನು ತಿನ್ನುತ್ತದೆ.

ನವೆಂಬರ್ 3ಕ್ಕೆ ಕಳಿಸಿದ ವಾಟ್ಸಾಪ್ ಮೆಸೇಜ್ ಹೆಚ್ಚುಕಡಿಮೆ ಹೀಗಿತ್ತು:

"ಸರ್, ನೀವು ಕೇಳಿದ ಆನ್‌ಲೈನ್ ಬುಕಿಂಗ್ ನಮ್ಮ ಮೊದಲಿನ ಮಾತಿನಲ್ಲಿ ಇರಲಿಲ್ಲ, ಅಲ್ಲಿ ವಿಚಾರಣೆ ಫಾರಂ ಮಾತ್ರ ಇತ್ತು. ಎರಡು ದಾರಿ ಇದೆ.
ಆಯ್ಕೆ 1: ಈಗಲೇ ಸೇರಿಸುವುದು. ಹೆಚ್ಚುವರಿ 20,000 ರೂಪಾಯಿ, ಸೈಟ್ ಸಿಗುವುದು 15ರ ಬದಲು ನವೆಂಬರ್ 27ಕ್ಕೆ.
ಆಯ್ಕೆ 2: ಫಾರಂ ಇರುವ ಸೈಟ್ 15ಕ್ಕೇ ಶುರು, ಬುಕಿಂಗ್ ಆಮೇಲೆ, ರೇಟು ಅದೇ.
ಪೇಮೆಂಟ್ ಕಂಪನಿಯವರು ನಿಮ್ಮ ಪ್ಯಾನ್, ಬ್ಯಾಂಕ್ ದಾಖಲೆ ನೋಡಿ ಒಪ್ಪಲು ತೆಗೆದುಕೊಳ್ಳುವ ಸಮಯ ಇದರಲ್ಲಿ ಸೇರಿಲ್ಲ.
ನವೆಂಬರ್ 8ರ ಒಳಗೆ 'ಆಯ್ಕೆ 1 ಒಪ್ಪಿಗೆ' ಅಥವಾ 'ಆಯ್ಕೆ 2 ಒಪ್ಪಿಗೆ' ಅಂತ ನೀವೇ ಬರೆದು ಕಳಿಸಿ. ಆಯ್ಕೆ 1 ಆದರೆ ಅರ್ಧ ಅಡ್ವಾನ್ಸ್ ಬಂದ ಮೇಲೆ ಬುಕಿಂಗ್ ಕೆಲಸ ಶುರು. ಅಲ್ಲಿಯವರೆಗೆ ಮೊದಲಿನ ಕೆಲಸ ಹಾಗೇ ನಡೆಯುತ್ತದೆ. 8 ದಾಟಿದರೆ ತಾರೀಕು ಮುಂದೆ ಹೋಗುತ್ತದೆ."

"ನೀವೇ ಬರೆದು" ಅಂತ ಹಾಕಿದ್ದಕ್ಕೆ ಹಳೇ ಪೆಟ್ಟೊಂದು ಕಾರಣ. ಮೊದಲೊಮ್ಮೆ ಇನ್ನೊಬ್ಬ ಕ್ಲೈಂಟ್‌ನ ಮ್ಯಾನೇಜರ್ ಹೆಬ್ಬೆರಳು ಎತ್ತಿದ ಇಮೋಜಿ ಹಾಕಿದರು ಅಂತ 12 ದಿನ ಕೂತು ಕೆಲಸ ಮಾಡಿದೆ, ಬಿಲ್ ಕೊಟ್ಟಾಗ ಮಾಲೀಕರು "ಯಾರು ಹೇಳಿದ್ದು ನಿಮಗೆ?" ಅಂದರು. ಮ್ಯಾನೇಜರ್‌ಗೆ ಆ ಇಮೋಜಿಯ ಅರ್ಥ "ಮೆಸೇಜ್ ನೋಡಿದೆ" ಅಂತ ಅಷ್ಟೇ! ಹಾಗಾಗಿ ಒಪ್ಪಿಗೆ ಬರಬೇಕಾದ್ದು ದುಡ್ಡು ಕೊಡುವವರಿಂದ, ಯಾವುದಕ್ಕೆ ಒಪ್ಪಿದರು ಅಂತ ಕಾಣುವ ಮಾತಿನಲ್ಲಿ. ವಾಯ್ಸ್ ನೋಟ್ ಬಂದರೆ "ನೀವು ಹೇಳಿದ್ದು ಆಯ್ಕೆ 1, 20,000, ನವೆಂಬರ್ 27, ಸರಿ ತಾನೇ?" ಅಂತ ಬರೆದು ಕೇಳಿ, ಅದಕ್ಕೆ ಅವರು "ಹೌದು" ಅಂತ ಟೈಪ್ ಮಾಡಲಿ. ಉತ್ತರ ಬಾರದಿದ್ದರೆ ಅದು ಒಪ್ಪಿಗೆ ಅಲ್ಲ. "ಅವರು ಬೇಡ ಅನ್ನಲಿಲ್ಲವಲ್ಲ" ಅಂತ ಸುಮ್ನೆ ಶುರು ಮಾಡಬೇಡಿ.

ಇನ್ನು ಚೌಕಾಸಿ. ಅದು ಬಂದೇ ಬರುತ್ತದೆ, ನಮ್ಮ ಊರಲ್ಲಿ ಮೀನಿಗೂ ಬಿಡುವುದಿಲ್ಲ. ಹೋಮ್‌ಸ್ಟೇಯವರು "15ಕ್ಕೆ ಮಾಡಿ" ಅಂದರು, ಅಂದರೆ 15,000. ನಾನು ರೇಟು ಇಳಿಸಲಿಲ್ಲ, ಕೆಲಸ ಇಳಿಸಿದೆ. ತಾನಾಗಿ ರೀಫಂಡ್ ಆಗುವುದನ್ನು ಬಿಡೋಣ, ಕ್ಯಾನ್ಸಲ್ ಬಂದಾಗ ನೀವೇ ಪೇಮೆಂಟ್ ಕಂಪನಿಯ ಪೇಜಿಗೆ ಹೋಗಿ ರೀಫಂಡ್ ಒತ್ತಿ, ನಾಲ್ಕು ರೂಮಿಗೆ ಅಷ್ಟು ಸಾಕು ಅಂದೆ. ಎರಡು ದಿನ ಕಡಿಮೆಯಾಯಿತು: 16,000, ನವೆಂಬರ್ 25. ಸುಮ್ನೆ ದುಡ್ಡು ಬಿಟ್ಟಿದ್ದರೆ ಮೊದಲು ಜಾಸ್ತಿ ಹೇಳಿದ್ದೆ ಅಂತ ಆಗುತ್ತಿತ್ತು ಅಲ್ವಾ? ಮತ್ತೆ ಹೊಸ ಮೆಸೇಜ್ ಬರೆದೆ, ಹಳೆಯದು ರದ್ದು ಅಂತ ಅದರಲ್ಲೇ ಹಾಕಿದೆ. ಸಂಜೆಗೆ "ಹೊಸದು 16,000 ಒಪ್ಪಿಗೆ" ಅಂತ ಬಂತು, ಮರುದಿನ 8,000 ಖಾತೆಗೆ.

ಫೋನ್ ನಂಬರ್ ಬದಲಿಸುವುದು, ಒಂದು ಫೋಟೋ ಹಾಕುವುದು ಇಂಥದ್ದಕ್ಕೆಲ್ಲ ಈ ಕತೆ ಬೇಡ. ಅರ್ಧ ಗಂಟೆಯ ಒಳಗಿನದ್ದನ್ನು ನಾನು ಹಾಗೇ ಮಾಡಿಕೊಡುತ್ತೇನೆ, ಆದರೆ "ಇದು ಮಾತಿನಲ್ಲಿ ಇರಲಿಲ್ಲ, ಈ ಸಲ ಹಾಗೇ ಮಾಡಿದ್ದೇನೆ" ಅಂತ ಒಂದು ಸಾಲು ಬರೆಯುತ್ತೇನೆ. ನಿಮ್ಮ ಕ್ಲೈಂಟ್ ಈಗಾಗಲೇ ಫೋನಿನಲ್ಲಿ ಕೇಳಿ, ನೀವು "ಹ್ಞೂಂ" ಅಂದಾಗಿದ್ದರೂ ತೊಂದರೆ ಇಲ್ಲ, ಕೆಲಸ ಶುರು ಮಾಡುವ ಮೊದಲು ಇವತ್ತೇ ಬರೆದು ಕಳಿಸಿ.