ಹತ್ತು ಪಟ್ಟು ಆಮೇಲೆ, ಮೊದಲು ಮೌನವನ್ನು ಕಳೆಯಿರಿ

ಪ್ರಶ್ನೆ: ಮಾತನ್ನು ಬರಹಕ್ಕಿಳಿಸುವ ಮಾದರಿಯ ತರಬೇತಿಗೆ ನನ್ನ ಬಳಿ 20 ಗಂಟೆಯ ಕನ್ನಡ ಧ್ವನಿಮುದ್ರಣವಿದೆ. ಗದ್ದಲ, ವೇಗ ಬದಲಾವಣೆ, ಕೋಣೆಯ ಪ್ರತಿಧ್ವನಿ ಸೇರಿಸಿ ಹತ್ತು ಪಟ್ಟು ಮಾಡಿದರೆ ಬೀದಿಯ ಮಾತನ್ನೂ ಮಾದರಿ ಗುರುತಿಸುತ್ತದೆಯೇ?

ಹತ್ತು ಪಟ್ಟಿನ ಆಸೆ ಬಿಡಿ. ನಾನೂ ಹಾಗೆಯೇ ಗುಣಿಸುತ್ತಾ ಎರಡು ತಿಂಗಳು ಕಳೆದುಕೊಂಡವನು. ವ್ಯಾಪಾರಿಗಳು ಮೊಬೈಲಿಗೆ ಹೇಳುವ ತರಕಾರಿ ಬೆಲೆಯನ್ನು ಬರಹಕ್ಕಿಳಿಸುವುದು ನಮ್ಮ ಕೆಲಸವಾಗಿತ್ತು. ತರಬೇತಿಯ ಧ್ವನಿಯನ್ನು ಜಯನಗರದ ಮುಚ್ಚಿದ ಕೋಣೆಯೊಂದರಲ್ಲಿ ಮುದ್ರಿಸಿದ್ದೆವು. ಬಳಕೆ ಮಾತ್ರ ಕೆ.ಆರ್. ಮಾರುಕಟ್ಟೆಯಲ್ಲಿ. ಮಾತು ಗದ್ದಲಕ್ಕಿಂತ 5 ಡೆಸಿಬಲ್ ಮಾತ್ರ ಮೇಲಿರುವಂತೆ ಬೆರೆಸಿದ್ದೇವೆಂದು ನಂಬಿದ್ದೆವು. ಮಾರುಕಟ್ಟೆಯಲ್ಲಿ ತಪ್ಪುಗಳು ಒಂದಿಷ್ಟೂ ಇಳಿಯಲಿಲ್ಲ.

ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ನಮ್ಮದೇ ಕಡತಗಳನ್ನು ಕೇಳಿದೆ. ಗದ್ದಲ ಪಕ್ಕದ ಬೀದಿಯಲ್ಲಿದ್ದಂತಿತ್ತು. ಕಾರಣ ಇಷ್ಟೇ: ಮಾತಿನ ಶಕ್ತಿಯನ್ನು ನಾನು ಇಡೀ ಕಡತದ ಸರಾಸರಿಯಾಗಿ ಲೆಕ್ಕ ಹಾಕಿದ್ದೆ. ಕಡತ 10 ಸೆಕೆಂಡು, ಅದರಲ್ಲಿ ಮಾತು 2 ಸೆಕೆಂಡು, ಉಳಿದದ್ದು ಮೌನ. ಮೌನ ಸೇರಿದಾಗ ಸರಾಸರಿ ಐದನೇ ಒಂದು ಭಾಗಕ್ಕೆ, ಅಂದರೆ 7 ಡೆಸಿಬಲ್ ಕೆಳಕ್ಕೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಗದ್ದಲವೂ ತಗ್ಗಿತು. 5 ಎಂದುಕೊಂಡದ್ದು ನಿಜದಲ್ಲಿ 12 ಆಗಿತ್ತು.

ಹಾರ್ನ್ ವಿಷಯದಲ್ಲಿ ಇದೇ ತಪ್ಪು ತಿರುಗುಬಾಣವಾಯಿತು. 10 ಸೆಕೆಂಡಿನ ಗದ್ದಲದ ತುಣುಕಿನಲ್ಲಿ ಅರ್ಧ ಸೆಕೆಂಡು ಮಾತ್ರ ಹಾರ್ನ್ ಇದ್ದರೆ ಅದರ ಸರಾಸರಿ ತೀರಾ ಕಡಿಮೆ. ಹಾಗಾಗಿ ಹಿಗ್ಗಿಸಿದಾಗ ಹಾರ್ನ್ 13 ಡೆಸಿಬಲ್ ಹೆಚ್ಚಾಗಿ ಮೊಳಗಿ ‘ಮೂವತ್ತು’ ಎಂಬ ಪದವನ್ನೇ ನುಂಗಿತು. ಬರಹದಲ್ಲಿ ಪದ ಹಾಗೆಯೇ ಉಳಿದಿತ್ತು. ಕೇಳಿಸದ್ದನ್ನು ಊಹಿಸಿ ಬರೆಯುವುದನ್ನು ಮಾದರಿಗೆ ಕಲಿಸಿದವರು ನಾವೇ.

ಸರಿಪಡಿಸಿದ್ದು ಮೂರು ಸಾಲಿನಲ್ಲಿ. ಇಲ್ಲಿ `x` ಮಾತು, `n` ಗದ್ದಲ, `snr` ಎಂದರೆ ಮಾತು ಗದ್ದಲಕ್ಕಿಂತ ಎಷ್ಟು ಡೆಸಿಬಲ್ ಮೇಲಿರಬೇಕು ಎಂಬುದು. `v` ಮತ್ತು `h` ಮಾತು ಮತ್ತು ಸದ್ದು ನಿಜವಾಗಿ ಇರುವ ಜಾಗಗಳ ಗುರುತು:

```python
p = np.mean(x[v]**2)
q = np.mean(n[h]**2)
y = x + n * np.sqrt(p / (q * 10**(snr/10)))
```

ಮೊತ್ತ 1 ದಾಟಿದರೆ ತುದಿ ಕತ್ತರಿಸಬೇಡಿ, ಇಡೀ `y` ತಗ್ಗಿಸಿ.

ವೇಗಕ್ಕೆ 0.9, 1.0, 1.1 ಸಾಕು. `sox` ನಲ್ಲಿ `speed` ಬಳಸಿದರೆ ಸ್ವರದ ಎತ್ತರವೂ ಬದಲಾಗಿ ಬೇರೊಬ್ಬರ ಗಂಟಲಿನಂತೆ ಕೇಳಿಸುತ್ತದೆ, ಅದು ಲಾಭವೇ. ಅತಿಯಾಗಿ ಓಡಿಸಿದರೆ ಬಾಳೆ ಬಳೆಯಾಗುವ ಭಯವಿದೆ. ಪ್ರತಿಧ್ವನಿ ನಮಗೆ ಹೆಚ್ಚು ನೆರವಾಗಲಿಲ್ಲ, ಫೋನು ಬಾಯಿಯ ಹತ್ತಿರವೇ ಇರುತ್ತಿತ್ತಲ್ಲ. ಬೇಕೇ ಬೇಕೆಂದರೆ ಮೊದಲು ಮಾತಿಗೆ ಪ್ರತಿಧ್ವನಿ ಸೇರಿಸಿ, ಆಮೇಲೆ ಶಕ್ತಿ ಅಳೆದು ಗದ್ದಲ ಬೆರೆಸಿ.

ಈ ವಾರವೇ ಬೀದಿಗೆ ಹೋಗಿ ಒಂದು ಗಂಟೆಯ ನಿಜವಾದ ಮಾತನ್ನು ಮುದ್ರಿಸಿಕೊಂಡು ಬನ್ನಿ. ಅದು ಪರೀಕ್ಷೆಗೆ ಮಾತ್ರ. ತರಬೇತಿಗೆ ಅದರಿಂದ ಒಂದು ಸೆಕೆಂಡನ್ನೂ ತೆಗೆಯಬೇಡಿ.