ದಾದರ್ ಸ್ಟೇಷನ್ನಿನ ಸುತ್ತ 150 ಮೀಟರ್

ಪ್ರಶ್ನೆ: ನಗರ ಸಮಾಜಶಾಸ್ತ್ರದ ಅಸೈನ್‌ಮೆಂಟಿಗೆ ಮುಂಬಯಿ ಬೀದಿ ವ್ಯಾಪಾರಿಗಳ ಎತ್ತಂಗಡಿ ತಗೊಂಡಿದ್ದೀನಿ. ‘ನಗರದ ಹಕ್ಕು’ ಅನ್ವಯಿಸಿ ಬರೆದರೆ, ಇದು ಬರೀ ಹೊಟ್ಟೆಪಾಡಿನ ವಾದ ಅಂತ ಮೇಡಂ ವಾಪಸ್ ಕೊಟ್ಟರು. ಹೇಗೆ ಬರೀಲಿ?

ಮೇಡಂ ಹೇಳಿದ್ದು ಸರಿ. ಹೊಟ್ಟೆಪಾಡಿನ ವಾದಕ್ಕೆ ಸಂವಿಧಾನದ 19 ಮತ್ತು 21ನೇ ವಿಧಿಗಳೇ ಸಾಕು, ‘ನಗರದ ಹಕ್ಕು’ ಎಂಬ ಮಾತು ಕೊಟ್ಟ ಫ್ರೆಂಚ್ ಚಿಂತಕ ಆನ್ರಿ ಲೆಫೆಬ್ವ್ರ್ ಬೇಕಿಲ್ಲ. ಅವನು 1968ರಲ್ಲಿ ಎತ್ತಿದ್ದು ಬೇರೆ ಮಾತು: ನಗರವನ್ನು ದಿನಾ ಬಳಸುವವರಿಗೆ ಆ ಜಾಗವನ್ನು ತಮ್ಮದಾಗಿಸಿಕೊಳ್ಳುವ ಹಕ್ಕಿದೆ, ಅದರ ತೀರ್ಮಾನದಲ್ಲೂ ಪಾಲಿದೆ. ಇವೆರಡನ್ನು ಬೇರೆಬೇರೆಯಾಗಿ ಪರೀಕ್ಷಿಸಿ. ಇಡೀ ಮುಂಬಯಿ ಬೇಡ, ದಾದರ್ ಪಶ್ಚಿಮ ಒಂದೇ ಸಾಕು.

2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ನವೆಂಬರ್ 1ರಂದು ಬಾಂಬೆ ಹೈಕೋರ್ಟ್, ಸ್ಟೇಷನ್ನುಗಳಿಂದ 150 ಮೀಟರ್ ಒಳಗೆ ವ್ಯಾಪಾರ ಕೂಡದೆಂದಿತು. ಆ ಗೆರೆಯನ್ನು ನಕ್ಷೆಯಲ್ಲಿ ಎಳೆದು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಡೆದು ನೋಡಿ. ಯಾರು ಏನು ಮಾರುತ್ತಾರೆ, ಕೊಳ್ಳುವವರು ರೈಲಿಳಿದು ಬಂದವರೇ, ಪಾಲಿಕೆ ಗಾಡಿ ಬಂದಾಗ ಸಾಮಾನು ಎಲ್ಲಿ ಸರಿಯುತ್ತದೆ, ಗಾಡಿ ಹೋದಮೇಲೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಎಂದು ಬರೆದುಕೊಳ್ಳಿ. ಜಾಗವನ್ನು ತಮ್ಮದಾಗಿಸಿಕೊಳ್ಳುವುದು ಎಂದರೆ ಏನೆಂಬುದಕ್ಕೆ ನಿಮ್ಮ ಪುರಾವೆ ಇದೇ. ಮಾಲು ಹಿಡಿದರೆ ಪಟ್ಟಿ ಕೊಟ್ಟರೇ ಎಂದೂ ಕೇಳಿ. 2014ರ ಬೀದಿ ವ್ಯಾಪಾರಿ ಕಾಯ್ದೆಯಂತೆ ಪಟ್ಟಿ ಕೊಡಲೇಬೇಕು. ವ್ಯಾಪಾರಿ ಶುಲ್ಕ ಕಟ್ಟಿ ವಾಪಸ್ ಕೇಳಿದರೆ, ಕೊಳೆಯುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಮಾಡಬೇಕು.

ಎರಡನೆಯದು ಪಾಲು. ಇಲ್ಲೇ ಅಂಕ ಸಿಗುವುದು. ಅದೇ ಕಾಯ್ದೆಯಲ್ಲಿ ಸರ್ವೇ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ನಗರ ಮಾರಾಟ ಸಮಿತಿಯಲ್ಲಿ ಕನಿಷ್ಠ 40% ಚುನಾಯಿತ ವ್ಯಾಪಾರಿಗಳಿರಬೇಕು. ಮುಂಬಯಿಯಲ್ಲಿ ಆ ಚುನಾವಣೆ ನಡೆದದ್ದು 2024ರ ಆಗಸ್ಟಿನಲ್ಲಿ. 2014ರ ಸರ್ವೇಯಲ್ಲಿ ಅರ್ಜಿ ತುಂಬಿದವರು ಲಕ್ಷದ ಹತ್ತಿರ, ಮತದಾರರ ಪಟ್ಟಿಯಲ್ಲಿ ಉಳಿದವರು ಸುಮಾರು 32 ಸಾವಿರ. ಅರ್ಹತೆಗೆ ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ನಿವಾಸಿ ಪ್ರಮಾಣಪತ್ರ, ಕೇಳಿದ್ದು ಬಹಳ ಜನಕ್ಕೆ ತೊಡಕಾಯಿತು. ಲೆಫೆಬ್ವ್ರನ ಪ್ರಕಾರ ಹಕ್ಕು ಹುಟ್ಟುವುದು ನಗರದಲ್ಲಿ ಬಾಳುವುದರಿಂದ, ಕಾಗದದಿಂದಲ್ಲ. ಗುಲ್ಬರ್ಗದಿಂದ ಬಂದು ಫುಟ್‌ಪಾತಿನಲ್ಲಿ ಮಾರುವವನನ್ನು ಲೆಫೆಬ್ವ್ರನ ವಾದ ಒಳಗೆ ಕರೆಯುತ್ತದೆ, ಡೊಮಿಸೈಲ್ ಹೊರಗಿಡುತ್ತದೆ. ನಿಮ್ಮ ಮುಖ್ಯ ವಾದ ಈ ಬಿರುಕಿನ ಮೇಲೆ ನಿಲ್ಲಲಿ.

ವೈವಾದಲ್ಲಿ ಎರಡು ಪ್ರಶ್ನೆ ಬಂದೇ ಬರುತ್ತವೆ. ನಡೆಯುವವರಿಗೂ ನಗರದ ಹಕ್ಕಿಲ್ಲವೇ? ಇದೆ, ಮತ್ತು ಯಾರದು ಮೇಲು ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಇಬ್ಬರೂ ಕೂತು ತೀರ್ಮಾನಿಸುವ ವೇದಿಕೆ ಇತ್ತೇ ಎಂದಷ್ಟೇ ಕೇಳುತ್ತದೆ. 150 ಮೀಟರಿನ ಗೆರೆ ಎಳೆದಾಗ ಅಂಥ ಚುನಾಯಿತ ಸಮಿತಿ ಇರಲಿಲ್ಲ. ಲೆಫೆಬ್ವ್ರ್ ಜಾಗದ ಬಳಕೆ ಮೌಲ್ಯವನ್ನು, ಅಂದರೆ ಬಾಳುವವರಿಗೆ ಅದರಿಂದಾಗುವ ಉಪಯೋಗವನ್ನು, ಅದರ ಮಾರಾಟದ ಬೆಲೆಗಿಂತ ಮೇಲಿಡುತ್ತಾನೆ. ಹಾಗಾದರೆ ವ್ಯಾಪಾರಿಯೂ ಮಾರುವವನೇ, ಬಳಕೆ ಮೌಲ್ಯ ಎಲ್ಲಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ. ಅವನು ಮಾರುವುದು ಮಾಲನ್ನು, ಜಾಗವನ್ನಲ್ಲ. ಆದರೆ ಯಾರೋ ಒಬ್ಬ ಫುಟ್‌ಪಾತನ್ನೇ ಬಾಡಿಗೆಗೆ ಕೊಟ್ಟು ದಿನದ ಹಣ ಎತ್ತುತ್ತಿದ್ದರೆ ಅಲ್ಲಿ ಜಾಗವೇ ಸರಕಾಗಿದೆ. ಅದನ್ನು ಮುಚ್ಚಿಡಬೇಡಿ, ಒಂದು ಪ್ಯಾರಾ ಅದಕ್ಕೇ ಕೊಡಿ.