ಹೆರಿಗೆ ರಜೆ ಮುಗಿದ ಮೇಲೆ ಅರ್ಧ ದಿನದ ಕೆಲಸ: ಅರ್ಜಿಯಲ್ಲಿ ಏನಿರಬೇಕು?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯ ಖಾಸಗಿ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಮನೆ ಧಾರವಾಡದಲ್ಲಿ. ಚೊಚ್ಚಲ ಹೆರಿಗೆಯ 26 ವಾರದ ರಜೆ ಮೇ 31ಕ್ಕೆ ಮುಗಿಯುತ್ತದೆ, ಆಗ ಮಗಳಿಗೆ ಐದೂವರೆ ತಿಂಗಳು. ಎರಡು ತಿಂಗಳು ಕಡಿಮೆ ಹೊತ್ತು ಕೆಲಸ ಮಾಡಿ, ಆಮೇಲೆ ಪೂರ್ತಿ ವೇಳೆಗೆ ಬರಬೇಕೆಂದಿದ್ದೇನೆ. ಕೆಲಸದ ವೇಳೆ 10ರಿಂದ 6, ಭಾನುವಾರ ರಜೆ. 20 ದಿನ ಗಳಿಕೆ ರಜೆ ಉಳಿದಿದೆ. ಸಂಬಳಕ್ಕೆ ಪೆಟ್ಟು ಬೀಳದಂತೆ ಸಾಹೇಬರಿಗೆ ಹೇಗೆ ಬರೆಯಲಿ?

ಉತ್ತರ: ನಿಮ್ಮ ಅರ್ಜಿಯಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಅವನ್ನು ಕಲಸಬೇಡಿ. ಕಡಿಮೆ ಹೊತ್ತಿನ ಕೆಲಸ ನಿಮ್ಮ ವಿನಂತಿ. ಅದನ್ನು ಕೊಡಲೇಬೇಕೆಂದು ಕಾನೂನು ಹೇಳುವುದಿಲ್ಲ. ಮನೆಯಿಂದ ಕೆಲಸ ಮಾಡುವುದೂ ಅಷ್ಟೇ, ಇಬ್ಬರೂ ಒಪ್ಪಿದರೆ ಮಾತ್ರ. ಮಗುವಿಗೆ ಹಾಲುಣಿಸುವ ಬಿಡುವು ಹಾಗಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿರುವ ಹಕ್ಕು ಅದು. ಮಗುವಿಗೆ 15 ತಿಂಗಳಾಗುವವರೆಗೆ, ಊಟದ ಬಿಡುವನ್ನು ಬಿಟ್ಟು, ದಿನಕ್ಕೆ ಎರಡು ಸಲ. ಅದಕ್ಕೆ ಸಂಬಳ ಕಡಿಯುವಂತಿಲ್ಲ. ಇದನ್ನೂ 'ದಯವಿಟ್ಟು ಕೊಡಿ' ಎಂಬ ಸಾಲಿಗೆ ಸೇರಿಸಿದರೆ, ಸಾಹೇಬರು ಒಂದನ್ನು ಕೊಟ್ಟು ಇನ್ನೊಂದನ್ನು ಮುರಿದುಕೊಳ್ಳುತ್ತಾರೆ.

ಸಂಬಳ ಉಳಿಸುವ ದಾರಿ ನಿಮ್ಮ ಗಳಿಕೆ ರಜೆಯಲ್ಲೇ ಇದೆ. ಮೊದಲ ನಾಲ್ಕು ವಾರ ದಿನಾ 10ರಿಂದ 2. ಮುಂದಿನ ನಾಲ್ಕು ವಾರ ಸೋಮ, ಬುಧ, ಶುಕ್ರ ಪೂರ್ತಿ ದಿನ. ಮಂಗಳ, ಗುರು, ಶನಿ ಅರ್ಧ ದಿನ. 'ದಿನಾ ನಾಲ್ಕಕ್ಕೆ ಹೊರಡುತ್ತೇನೆ' ಎಂದು ಕೇಳಬಹುದಿತ್ತು, ಆದರೆ ಬಹಳ ಕಡೆ ಕಾಲು ದಿನದ ರಜೆ ಬರೆಯಲು ಹಾಜರಾತಿಯಲ್ಲಿ ಜಾಗವೇ ಇರುವುದಿಲ್ಲ. ಅರ್ಧ ದಿನದ ರಜೆ ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಇನ್ನು ನಿಮ್ಮ ಟೇಬಲ್ಲಿನ ಕೆಲಸ. ಜಿಎಸ್‌ಟಿಆರ್-1 ಕೊಡುವ 11ನೇ ತಾರೀಖು, 3ಬಿ ಕೊಡುವ 20ನೇ ತಾರೀಖು ನೀವು ಇಲ್ಲದಿದ್ದರೆ ಸಾಹೇಬರ ಎದೆ ಹೊಡೆದುಕೊಳ್ಳುತ್ತದೆ. ಆ ದಿನಗಳಲ್ಲಿ ಪೂರ್ತಿ ಇರುತ್ತೇನೆಂದು ನೀವೇ ಬರೆಯಿರಿ. ನನ್ನ ಅನುಭವದಲ್ಲಿ ಒಪ್ಪಿಗೆ ತರುವುದು ಈ ಸಾಲೇ, ಕಷ್ಟ ತೋಡಿಕೊಂಡ ಪುಟವಲ್ಲ. ಆಗ ಮೊದಲ ಹಂತದಲ್ಲಿ 22 ಅರ್ಧ ದಿನ, ಎಂದರೆ 11 ರಜೆ. ಜುಲೈ 11 ಶನಿವಾರ ಬರುವುದರಿಂದ ಎರಡನೇ ಹಂತದಲ್ಲಿ 11 ಅರ್ಧ ದಿನ, ಐದೂವರೆ ರಜೆ. ಒಟ್ಟು ಹದಿನಾರೂವರೆ. ಉಳಿದ ಮೂರೂವರೆ ದಿನ ಮಗುವಿನ ಜ್ವರಕ್ಕೆ, ಒಂಬತ್ತನೇ ತಿಂಗಳ ಲಸಿಕೆಗೆ ಇರಲಿ.

ಪತ್ರ ಹೀಗಿದ್ದರೆ ಸಾಕು:

*ಮಾನ್ಯರೇ,*

*ನನ್ನ ಹೆರಿಗೆ ರಜೆ ಮೇ 31ಕ್ಕೆ ಮುಗಿಯುತ್ತದೆ. ಜೂನ್ 1, ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ಮಗುವಿಗೆ ಆರು ತಿಂಗಳು ತುಂಬಿ ಮೇಲಿನ ಆಹಾರ ಶುರುವಾಗುವ ಸಮಯವಾದ್ದರಿಂದ, ಜೂನ್ 27ರವರೆಗೆ ಬೆಳಿಗ್ಗೆ 10ರಿಂದ 2 ಗಂಟೆ, ಜೂನ್ 29ರಿಂದ ಜುಲೈ 25ರವರೆಗೆ ಮಂಗಳ, ಗುರು, ಶನಿವಾರ ಮಾತ್ರ 10ರಿಂದ 2 ಗಂಟೆ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಪ್ರತಿ ತಿಂಗಳ 11 ಮತ್ತು 20ರಂದು ಪೂರ್ತಿ ದಿನ ಇರುತ್ತೇನೆ. ಉಳಿದ ಅರ್ಧ ದಿನಗಳನ್ನು ನನ್ನ ಗಳಿಕೆ ರಜೆಯಲ್ಲಿ ಹಿಡಿಯಬೇಕು. ಜುಲೈ 27ರಿಂದ ಪೂರ್ತಿ ವೇಳೆಗೆ ಬರುತ್ತೇನೆ. ಇದು ತಾತ್ಕಾಲಿಕ ಏರ್ಪಾಡು. ನನ್ನ ಹುದ್ದೆ, ಸಂಬಳ, ಸೇವೆಯ ಷರತ್ತುಗಳು ಮೊದಲಿನಂತೆಯೇ ಇರುತ್ತವೆ.*

*ಕಾನೂನಿನಂತೆ ನನಗಿರುವ ಹಾಲುಣಿಸುವ ಎರಡು ಬಿಡುವುಗಳನ್ನು ಹಾಲು ತೆಗೆದಿಡಲು ಬಳಸುತ್ತೇನೆ. ಅದಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ತೋರಿಸಬೇಕು. ಮೇ 15ರೊಳಗೆ ಲಿಖಿತ ಉತ್ತರ ಕೊಟ್ಟರೆ ಅನುಕೂಲ.*

ಕೋಣೆಯ ಮಾತು ಸುಮ್ಮನೆ ಬರೆದದ್ದಲ್ಲ. ಬಿಡುವಿನಲ್ಲಿ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗಿ ಹಾಲುಣಿಸಿ ಬರಲು ಆಗುವುದಿಲ್ಲ. ಪೂರ್ತಿ ದಿನ ಹಾಲು ತೆಗೆಯದೆ ಕೂತರೆ ಎದೆ ಕಟ್ಟುತ್ತದೆ, ಹಾಲೂ ಕಡಿಮೆಯಾಗುತ್ತದೆ. ಶಿಶುಪಾಲನಾ ಕೋಣೆಯ ನಿಯಮ 50 ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆಗೆ. ನಿಮ್ಮದು ಅದಕ್ಕಿಂತ ಚಿಕ್ಕ ಕಂಪನಿಯಾದರೆ ಅದನ್ನು ಪತ್ರದಲ್ಲಿ ಎತ್ತಬೇಡಿ.

ಏಪ್ರಿಲ್ ಕೊನೆಗೆ ಇಮೇಲ್‌ನಲ್ಲಿ ಕಳಿಸಿ. 'ಆಯ್ತವಾ, ಬಾ ನೋಡೋಣು' ಎಂದು ಫೋನಿನಲ್ಲಿ ಹೇಳಿದರೆ ಸಂತೋಷವೇ, ಆದರೆ 'ನಿಮ್ಮ ಒಪ್ಪಿಗೆಯಂತೆ' ಎಂದು ಅದೇ ದಿನ ಒಂದು ಸಾಲಿನ ಇಮೇಲ್ ಹಾಕಿ.

ಒಂದು ಮಾತಿಗೆ ಮಾತ್ರ ಒಪ್ಪಬೇಡಿ: 'ಈಗ ರಾಜೀನಾಮೆ ಕೊಡು, ಪಾರ್ಟ್‌ಟೈಮ್ ಅಂತ ತಗೋತೀವಿ, ಆಮೇಲೆ ಮತ್ತ ಕಾಯಂ ಮಾಡೋಣು.' ಕಾಯಂ ನೌಕರರಿಗೆ ಗ್ರಾಚ್ಯುಟಿಗೆ ಐದು ವರ್ಷದ ಅಖಂಡ ಸೇವೆ ಬೇಕು, ನಿಮಗಾಗಿರುವುದು ನಾಲ್ಕು. ರಾಜೀನಾಮೆ ಕೊಟ್ಟರೆ ಆ ಲೆಕ್ಕ ಮೊದಲಿಂದ ಶುರು.

ಜೂನ್ ಸಂಬಳದ ಚೀಟಿ ಬಂದ ದಿನವೇ ನೋಡಿ. ಜೂನ್ 30ರ ಮಂಗಳವಾರದ ಅರ್ಧ ದಿನವೂ ಸೇರಿ ಗಳಿಕೆ ರಜೆ ಹನ್ನೊಂದೂವರೆ ಕಡಿಮೆಯಾಗಿರಬೇಕು, ಸಂಬಳವಿಲ್ಲದ ರಜೆಯ ಕಡೆ ಸೊನ್ನೆ ಇರಬೇಕು, ಪಿಎಫ್ ರಜೆಗೆ ಮುಂಚಿನಷ್ಟೇ ಇರಬೇಕು. ಹೆಚ್ಚುಕಡಿಮೆಯಿದ್ದರೆ ಒಪ್ಪಿಗೆಯ ಇಮೇಲ್ ಲಗತ್ತಿಸಿ ಆಗಲೇ ಬರೆಯಿರಿ. ಜುಲೈ ಸಂಬಳವೂ ಹಾಗೇ ಆದ ಮೇಲೆ ತಿದ್ದಿಸುವುದು ಕಷ್ಟ.